ಹಲಸಿನ ತೊಳೆಯ ಮೇಲೆ ಕುಳಿತ ನೊಣ

ನೀವು ನೋಡುತ್ತಿರುವುದು ಮೂಡಿಗೆರೆ ಕಡೆಯ ನಮ್ಮ ಮನೆಯ ಹಿಂದಿನ ಜಗಲಿ. ಜೂನ್ ತಿಂಗಳ ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾಗಿ ಬಿಸಿಲು ಬಿದ್ದಿದೆ. ದೊಡ್ಡಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದಾರೆ. ಮೊರದ ಅಂಚಿನಲ್ಲಿರುವ ಆ ಒಂದು ತೊಳೆಯ ಮೇಲೆ ಮನೆನೊಣವೊಂದು ಬಂದು ಕುಳಿತಿದೆ. ಮೊಬೈಲನ್ನು ಹತ್ತಿರ ಇಟ್ಟು, ಸೆಕೆಂಡಿಗೆ 240 ಫ್ರೇಮ್ ವೇಗದಲ್ಲಿ ಚಿತ್ರಿಸಿದ್ದೇನೆ.

ಈಗ ನನ್ನ ಕೈ ಬರುತ್ತದೆ. ನಿಧಾನಗತಿಯಲ್ಲಿ ನೋಡಿ. ಅಂಗೈ ಇನ್ನೂ ಒಂದು ಗೇಣು ದೂರದಲ್ಲಿದೆ. ನೊಣದ ಮೈ ಆಗಲೇ ಒಂದು ಕಡೆಗೆ ವಾಲಿದೆ. ಕೈ ತೊಳೆಗೆ ತಾಗುವ ಹೊತ್ತಿಗೆ ಅಲ್ಲಿ ನೊಣವಿಲ್ಲ.

"ಅದಕ್ಕೆ ಮೈಯೆಲ್ಲ ಕಣ್ಣು ಕಣಪ್ಪಾ" ಎಂದರು ದೊಡ್ಡಮ್ಮ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ತಲೆಯ ಬಹುಭಾಗವಂತೂ ಕಣ್ಣೇ. ಮನೆನೊಣದ ಒಂದೊಂದು ಕಣ್ಣಿನಲ್ಲೂ ಮೂರು ಸಾವಿರಕ್ಕಿಂತ ಹೆಚ್ಚು ಕಿರುಗಣ್ಣುಗಳಿವೆ. ವಿಜ್ಞಾನದ ಪುಸ್ತಕಗಳಲ್ಲಿ ಇವುಗಳ ಹೆಸರು ಒಮ್ಯಾಟಿಡಿಯ. ಹಾಗೆಂದು ನೊಣಕ್ಕೆ ಮೂರು ಸಾವಿರ ದೊಡ್ಡಮ್ಮಂದಿರು ಕಾಣುವುದಿಲ್ಲ. ಸಿನಿಮಾಗಳಲ್ಲಿ ತೋರಿಸುವ ಆ ಚಿತ್ರ ತಪ್ಪು. ಒಂದೊಂದು ಕಿರುಗಣ್ಣೂ ತನ್ನ ದಿಕ್ಕಿನ ಒಂದು ಚೂರನ್ನು ಮಾತ್ರ ಹಿಡಿಯುತ್ತದೆ. ಎಲ್ಲ ಚೂರುಗಳೂ ಸೇರಿ ರಂಗೋಲಿಯ ಚುಕ್ಕಿಗಳಂತೆ ಒಂದೇ ಚಿತ್ರವಾಗುತ್ತದೆ. ಚುಕ್ಕಿಗಳ ನಡುವಿನ ಅಂತರ ಸುಮಾರು ಎರಡೂವರೆ ಡಿಗ್ರಿ. ಆಕಾಶದ ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ. ಚಂದ್ರನಿಗಿಂತ ಐದು ಪಟ್ಟು ಅಗಲದ ಚುಕ್ಕಿಗಳಲ್ಲಿ ಬಿಡಿಸಿದ ಚಿತ್ರ ಎಷ್ಟು ಮಸುಕಾಗಿರಬಹುದು ಎಂದು ಯೋಚಿಸಿ. ನೊಣದ ಶಕ್ತಿ ಇರುವುದು ಸ್ಪಷ್ಟತೆಯಲ್ಲಿ ಅಲ್ಲ, ಸಮಯದಲ್ಲಿ.

ಮಿನುಗುವ ದೀಪದ ವೇಗವನ್ನು ಹೆಚ್ಚಿಸುತ್ತಾ ಹೋದರೆ, ಸೆಕೆಂಡಿಗೆ 60 ಬಾರಿಯ ಆಸುಪಾಸಿನಲ್ಲಿ ನಮಗೆ ಅದು ಎಡೆಬಿಡದೆ ಉರಿಯುವಂತೆ ಕಾಣುತ್ತದೆ. ಒಳ್ಳೆಯ ಬೆಳಕಿನಲ್ಲಿ ಮನೆನೊಣ 250 ಮಿನುಗುಗಳವರೆಗೂ ಬಿಡಿಬಿಡಿಯಾಗಿ ಗುರುತಿಸಬಲ್ಲದು. ನಮ್ಮ ಅಡುಗೆಮನೆಯ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತದೆ. ನಮಗೆ ಗೊತ್ತೇ ಆಗದ ಆ ಮಿನುಗು ನೊಣಕ್ಕೆ ಕಾಣುತ್ತಲೇ ಇರುತ್ತದೆ.

ಇಷ್ಟು ವೇಗ ಬೇಕೆಂದರೆ ಒಂದು ಬೆಲೆ ತೆರಬೇಕು. ಕ್ಯಾಮೆರಾ ಬಳಸುವವರಿಗೆ ಇದು ಗೊತ್ತು: 240 ಫ್ರೇಮ್‌ಗೆ ಬದಲಾಯಿಸಿದ ಕೂಡಲೇ ಚಿತ್ರ ಕತ್ತಲಾಗುತ್ತದೆ, ಕಾಳು ಕಾಳಾಗುತ್ತದೆ. ಪ್ರತಿ ಕ್ಷಣಕ್ಕೆ ಸಿಗುವ ಬೆಳಕು ಕಡಿಮೆಯಾಗುತ್ತದೆ. ನೊಣದ ಕಿರುಗಣ್ಣಿನ ಮಸೂರವೋ, ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು. ಅಷ್ಟು ಸಣ್ಣ ಕಿಂಡಿಯಿಂದ ಬೇಕಾದಷ್ಟು ಬೆಳಕು ಹೇಗೆ ಬರಬೇಕು? ಇದಕ್ಕೆ ನೊಣ ಕಂಡುಕೊಂಡ ದಾರಿಯೇ ಈ ವಿಡಿಯೊ ಮಾಡಲು ನನಗೆ ಕಾರಣ.

ಒಂದು ಕಿರುಗಣ್ಣಿನ ಒಳಗೆ ಇಳಿಯೋಣ. ಮೇಲೆ ಆರು ಮೂಲೆಯ ಮಸೂರ, ಕೆಳಗೆ ಪಾರದರ್ಶಕ ಶಂಕು, ಅದರ ಕೆಳಗೆ ಬೆಳಕು ಹಿಡಿಯುವ ಎಂಟು ಜೀವಕೋಶಗಳು. ಸುತ್ತಲೂ ಬಣ್ಣದ ಕಣಗಳು ತುಂಬಿದ ಕೋಶಗಳು ಗೋಡೆಯಂತೆ ನಿಂತು, ಪಕ್ಕದ ಮಸೂರದ ಬೆಳಕು ಒಳನುಗ್ಗದಂತೆ ತಡೆಯುತ್ತವೆ. ಜೇನುಹುಳದಲ್ಲಿ ಬೆಳಕು ಹಿಡಿಯುವ ಭಾಗಗಳೆಲ್ಲ ಒಂದೇ ಕಡ್ಡಿಯಾಗಿ ಕೂಡಿಕೊಂಡಿರುತ್ತವೆ, ಒಂದೇ ದಿಕ್ಕಿಗೆ ನೋಡುತ್ತವೆ. ನೊಣದಲ್ಲಿ ಅವು ಬಿಡಿಬಿಡಿ. ಆರು ಕೋಶಗಳ ಕಡ್ಡಿಗಳು ಸುತ್ತಲೂ ನಿಂತಿವೆ. ಉಳಿದೆರಡರ ಕಡ್ಡಿಗಳು ನಡುವೆ, ಒಂದರ ಮೇಲೊಂದು. ಹೀಗಾಗಿ ಒಂದೇ ಮಸೂರದ ಕೆಳಗಿನ ಏಳು ಕಡ್ಡಿಗಳು ಏಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ.

ಮೊದಲ ಸಲ ಓದಿದಾಗ ಇದು ಗೊಂದಲದ ವ್ಯವಸ್ಥೆ ಎನ್ನಿಸಿತ್ತು. ಆದರೆ ಹೊರಗಿನ ಒಂದು ಬಿಂದುವನ್ನು, ನನ್ನ ಹೆಬ್ಬೆರಳ ಉಗುರು ಎಂದಿಟ್ಟುಕೊಳ್ಳಿ, ಅಕ್ಕಪಕ್ಕದ ಆರು ಕಿರುಗಣ್ಣುಗಳು ತಮ್ಮ ಒಂದೊಂದು ಕೋಶದಿಂದ ನೋಡುತ್ತಿರುತ್ತವೆ. ಆ ಆರು ಕೋಶಗಳ ನರತಂತುಗಳು ಕಣ್ಣಿನ ಕೆಳಗೆ ಒಂದನ್ನೊಂದು ದಾಟಿ, ಹುರಿಯಂತೆ ತಿರುಗಿ, ಕೊನೆಗೆ ಒಂದೇ ಗುಂಪಿಗೆ ಬಂದು ಸೇರುತ್ತವೆ. ಈ ಜೋಡಣೆಯನ್ನು 1967ರಲ್ಲಿ ಮನೆನೊಣದಲ್ಲೇ ವಿವರಿಸಿದವರು ಜರ್ಮನಿಯ ಕುನೊ ಕಿರ್ಷ್‌ಫೆಲ್ಡ್. ಲಾಭ ಏನೆಂದರೆ, ಚಿತ್ರ ಇನ್ನಷ್ಟು ಮಸುಕಾಗದೆ ಪ್ರತಿ ಚುಕ್ಕಿಗೂ ಆರು ಪಟ್ಟು ಬೆಳಕಿನ ಸಂಕೇತ ಸಿಗುತ್ತದೆ. ಆ ಹೆಚ್ಚುವರಿ ಬೆಳಕನ್ನು ನೊಣ ವೇಗಕ್ಕೆ ಖರ್ಚು ಮಾಡುತ್ತದೆ.

ನಡುವಿನ ಎರಡು ಕೋಶಗಳ ಕೆಲಸ ಮುಖ್ಯವಾಗಿ ಬಣ್ಣ. ಮೇಲಿನದು ನಮಗೆ ಕಾಣದ ಅತಿನೇರಳೆಯನ್ನು ಹಿಡಿದರೆ, ಕೆಳಗಿನದು ನೀಲಿಯನ್ನೋ ಹಸಿರನ್ನೋ ಹಿಡಿಯುತ್ತದೆ. ಕೆಂಪು ಮಾತ್ರ ನೊಣಕ್ಕೆ ಸರಿಯಾಗಿ ಕಾಣದು. ಹಣ್ಣಾದ ಕಾಫಿ ಅದಕ್ಕೆ ಬಹುಪಾಲು ಕಪ್ಪು. ಚಲನೆಯನ್ನು ಗುರುತಿಸುವ ಕೆಲಸ ಹೆಚ್ಚಾಗಿ ಹೊರಗಿನ ಆರು ಕೋಶಗಳದು. ಬರುತ್ತಿರುವುದರ ಬಣ್ಣ ಯಾವುದು ಎಂದು ಅವು ವಿಚಾರಿಸುವುದಿಲ್ಲ.

ಚಲನೆ ತಿಳಿಯುವುದು ಹೇಗೆ? 1956ರಲ್ಲಿ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ವೆರ್ನರ್ ರೈಷಾರ್ಟ್ ಒಂದು ಜೀರುಂಡೆಯನ್ನು ಪರೀಕ್ಷಿಸಿ ಇದಕ್ಕೊಂದು ಲೆಕ್ಕ ಕೊಟ್ಟರು. ಅಕ್ಕಪಕ್ಕದ ಎರಡು ಚುಕ್ಕಿಗಳಿವೆ. ಎಡದ ಚುಕ್ಕಿಯ ಸಂಕೇತವನ್ನು ಸ್ವಲ್ಪ ತಡೆದು ಕಳಿಸಿ, ಬಲದ್ದನ್ನು ತಕ್ಷಣ ಕಳಿಸಿ. ವಸ್ತು ಎಡದಿಂದ ಬಲಕ್ಕೆ ಸರಿದರೆ ಎರಡೂ ಒಂದೇ ಹೊತ್ತಿಗೆ ತಲುಪುತ್ತವೆ, ಆಗ ಮುಂದಿನ ನರಕೋಶ ಜೋರಾಗಿ ಉತ್ತರಿಸುತ್ತದೆ. ಬಲದಿಂದ ಎಡಕ್ಕೆ ಸರಿದರೆ ಹಾಗಾಗದು. ಅದು ಕೈಯೋ, ಹಲ್ಲಿಯೋ, ಬೀಸಣಿಗೆಯೋ ಎಂದು ಗುರುತು ಹಿಡಿಯುವ ಅಗತ್ಯವೇ ಇಲ್ಲ. ಹಣ್ಣಿನ ನೊಣದಲ್ಲಿ ಇನ್ನೂ ಮುಂದಿನ ಹಂತ ಗೊತ್ತಾಗಿದೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಂಚುಗಳು ಒಟ್ಟಿಗೇ ಹೊರಕ್ಕೆ ಹಿಗ್ಗಿದಾಗ ಮಾತ್ರ ಎಚ್ಚರಗೊಳ್ಳುವ ನರಕೋಶಗಳು ಅದರಲ್ಲಿವೆ. ಮೈಮೇಲೆ ಎರಗುವ ವಸ್ತು ಹಿಗ್ಗುವುದು ಹಾಗೆಯೇ.

ಈಗ ನನ್ನ ಕೈಯ ಲೆಕ್ಕ. ಅಂಗೈ 10 ಸೆಂಟಿಮೀಟರ್ ಅಗಲ, ವೇಗ ಸೆಕೆಂಡಿಗೆ 2 ಮೀಟರ್ ಎಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿದ್ದಾಗ ಅದು ನೊಣಕ್ಕೆ ಎರಡೇ ಚುಕ್ಕಿಯಷ್ಟು ಅಗಲ. 20 ಸೆಂಟಿಮೀಟರಿಗೆ ಬಂದಾಗ ಹನ್ನೊಂದು ಚುಕ್ಕಿ, 10 ಸೆಂಟಿಮೀಟರಿಗೆ ಬಂದಾಗ ಇಪ್ಪತ್ತೊಂದು. ಈ ಕೊನೆಯ ಹಿಗ್ಗುವಿಕೆಗೆ ಹಿಡಿದದ್ದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಕಣ್ಣು ಫ್ರೇಮ್ ಫ್ರೇಮಾಗಿ ನೋಡುವುದಿಲ್ಲ, ಆದರೂ ಹೋಲಿಕೆಗೆ ಹೇಳುವುದಾದರೆ ಅಷ್ಟರಲ್ಲಿ ನಮಗೆ ಸಿಗುವುದು ಮೂರು ಮಿನುಗಿನ ಸಮಯ, ನೊಣಕ್ಕೆ ಹನ್ನೆರಡು.

ಹಾಗಿದ್ದರೆ ನೊಣ ಏಮಾರುವುದೇ ಇಲ್ಲವೇ? ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಅದೇ ಜಗಲಿಯಲ್ಲಿ ಚಿತ್ರಿಸಿದ್ದು ಇದು. ಮಂಜು ಕವಿದಿದೆ, ಚಳಿ ಇದೆ, ಬೆಳಕು ಮಂದ. ಬೆಳಕು ಕಡಿಮೆಯಾದರೆ ನೊಣದ ಕೋಶಗಳು ಸಂಕೇತವನ್ನು ಹೆಚ್ಚು ಹೊತ್ತು ಕೂಡಿಸಿಕೊಳ್ಳಬೇಕು, ವೇಗ ಬಿಟ್ಟುಕೊಡಬೇಕು. ಚಳಿಯಲ್ಲಿ ಕೋಶಗಳ ರಾಸಾಯನಿಕ ಕ್ರಿಯೆಯೂ ನಿಧಾನ, ರೆಕ್ಕೆಯ ಸ್ನಾಯುಗಳೂ ನಿಧಾನ. ನೋಡಿ, ನಿನ್ನೆಯಷ್ಟೇ ವೇಗದಲ್ಲಿ ಕೈ ತರುತ್ತಿದ್ದೇನೆ. ನೊಣ ಕದಲಲಿಲ್ಲ. ಬೆರಳು ಒಂದು ಅಂಗುಲ ದೂರ ಇರುವಾಗ ಕೈ ನಿಲ್ಲಿಸಿದೆ. ಅದು ಮುಂಗಾಲು ಉಜ್ಜಿಕೊಂಡು, ಮೊರದ ಅಂಚಿನವರೆಗೆ ನಡೆದೇ ಹೋಯಿತು.