‘ಸ್ಟಾಟ್’ ಅಂತ ಬರೆದ ಗಂಟೆ, ಔಷಧಿ ಕೊಟ್ಟ ಗಂಟೆ

ಎಲ್ಲರಿಗೂ ನಮಸ್ಕಾರ. ಇವತ್ತು ಜಾಸ್ತಿ ಸ್ಲೈಡು ತಂದಿಲ್ಲ. ಒಂದೇ ಕೇಸ್ ಶೀಟ್ ಇದೆ, ರೋಗಿಯ ಗುರುತು ಸಿಗುವುದನ್ನೆಲ್ಲ ತೆಗೆದಿದ್ದೇನೆ. ಅದನ್ನೇ ಹಿಡಿದು ಸೆಪ್ಸಿಸ್ ಚೆಕ್‌ಲಿಸ್ಟ್ ತುಂಬೋಣ.

62 ವರ್ಷದ ಹೆಂಗಸು, ತೂಕ 60 ಕೆ.ಜಿ. ಮೂರು ದಿನದಿಂದ ಜ್ವರ, ಉರಿಮೂತ್ರ. ಬೆಳಗ್ಗೆಯಿಂದ ಏನೇನೋ ಮಾತಾಡುತ್ತಿದ್ದಾರೆ ಅಂತ ಮಗ ಕರೆತಂದಿದ್ದಾನೆ. ಟ್ರಯಾಜ್‌ನಲ್ಲಿ 10:10ಕ್ಕೆ ಬಿಪಿ 84/50. ಡಾಕ್ಟರು 10:35ಕ್ಕೆ ಹೀಗೆ ಬರೆದಿದ್ದಾರೆ: “ಸೆಪ್ಸಿಸ್. ಲ್ಯಾಕ್ಟೇಟ್, ಬ್ಲಡ್ ಕಲ್ಚರ್ ಕಳಿಸಿದೆ. ಆರ್‌ಎಲ್ ಫಾಸ್ಟ್. ಮೆರೊಪೆನೆಮ್ ಸ್ಟಾಟ್.” ಸುಮ್ನೆ ಓದಿದರೆ 25 ನಿಮಿಷದಲ್ಲಿ ಎಲ್ಲ ಮುಗಿದ ಹಾಗೆ ಕಾಣುತ್ತೆ, ಅಲ್ವಾ?

ಇದನ್ನು ಹಾಗೇ ಇಳಿಸಿಕೊಂಡರೆ ನಾಲ್ಕು ಟಿಕ್ ಬೀಳುತ್ತವೆ. ಅದಕ್ಕೇ ನಾನು ಟಿಕ್ ಬಿಟ್ಟೆ. ಪ್ರತಿ ಕೆಲಸಕ್ಕೂ ಮೂರು ಮನೆ ಇಟ್ಟೆ: ಹೇಳಿದ ಗಂಟೆ, ಮಾಡಿದ ಗಂಟೆ, ಅದು ಸಿಕ್ಕಿದ್ದು ಯಾವ ಕಾಗದದಲ್ಲಿ. ಲೆಕ್ಕ ಶುರುವಾಗೋದು ಟ್ರಯಾಜ್ ಗಂಟೆಯಿಂದ, ಅಂದರೆ 10:10. ಡಾಕ್ಟರು ‘ಸೆಪ್ಸಿಸ್’ ಅಂತ ಬರೆದ ಗಂಟೆಯಿಂದ ಎಣಿಸಿದರೆ 25 ನಿಮಿಷ ಪುಕ್ಕಟೆ ಸಿಗುತ್ತೆ, ನಮಗೆ. ರೋಗಿಗಲ್ಲ.

ಮೊದಲು ಆ್ಯಂಟಿಬಯಾಟಿಕ್, ಅಂದರೆ ಇಲ್ಲಿ ಮೆರೊಪೆನೆಮ್. ಬಿಪಿ ಬಿದ್ದು ಶಾಕ್ ಅನುಮಾನ ಇರುವಾಗ ಒಂದು ಗಂಟೆಯೊಳಗೆ ಹೋಗಬೇಕು. ಶಾಕ್ ಇಲ್ಲದೆ ಬರೀ ಸೆಪ್ಸಿಸ್ ಇರಬಹುದು ಅನ್ನೋ ಅನುಮಾನವಾದರೆ, 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ಬೇಗ ಪರೀಕ್ಷೆ ಮಾಡಿ ನೋಡೋಕೆ ಮೂರು ಗಂಟೆವರೆಗೆ ಅವಕಾಶ ಕೊಡುತ್ತೆ. ಇವರದು ಮೊದಲನೇ ಗುಂಪು. ಹೇಳಿದ್ದು 10:35. ನರ್ಸಿಂಗ್ ಚಾರ್ಟ್‌ನಲ್ಲಿ ಆ ಔಷಧಿಯ ಡ್ರಿಪ್ ಹಾಕಿದ್ದು 11:20. ಟ್ರಯಾಜ್ ಆಗಿ 70 ನಿಮಿಷ.

ಮಧ್ಯದ 45 ನಿಮಿಷ ಎಲ್ಲಿ ಹೋಯಿತು? ಸಿಸ್ಟರನ್ನು ಕೇಳಿದೆ. ಮಗನ ಕೈಗೆ ಚೀಟಿ ಕೊಟ್ಟಿದ್ದರು. ಅವನು ಕೆಳಗಿನ ಫಾರ್ಮಸಿಯಲ್ಲಿ ಕ್ಯೂ ನಿಂತು, ದುಡ್ಡು ಸಾಲದೆ ಮಾವನಿಗೆ ಫೋನ್ ಮಾಡಿ, ಔಷಧಿ ತರುವಷ್ಟರಲ್ಲಿ 11:10. ನೋಟ್ಸ್‌ನಲ್ಲಿ ಇದು ಒಂದು ಅಕ್ಷರವೂ ಇಲ್ಲ. ಎರಡು ಗಂಟೆಗಳನ್ನು ಪಕ್ಕಪಕ್ಕ ಬರೆದಾಗಲೇ ನಾನು ಕೇಳಿದ್ದು. ಮೊದಲ ಡೋಸ್ ವಾರ್ಡಿನ ಸ್ಟಾಕಿನಿಂದ ಕೊಟ್ಟು, ಆಮೇಲೆ ಬಿಲ್ ಮಾಡಿದರೆ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಕಲ್ಚರ್. “ಕಳಿಸಿದೆ” ಅಂದರೆ ಯಾವಾಗ ಎಳೆದದ್ದು? ಲ್ಯಾಬ್ ರಿಜಿಸ್ಟರಿನಲ್ಲಿ 11:40 ಇದೆ. ಅದು ಬಾಟಲಿ ಲ್ಯಾಬ್ ಮುಟ್ಟಿದ ಗಂಟೆ. ಅದನ್ನೇ ಬರೆದುಕೊಂಡರೆ ಔಷಧಿ ಹೋದ ಮೇಲೆ ರಕ್ತ ತೆಗೆದ ಹಾಗೆ ಕಾಣುತ್ತೆ. ಬಾಟಲಿಯ ಲೇಬಲ್ ಮೇಲೆ ಸಿಸ್ಟರ್ ಪೆನ್ನಲ್ಲಿ ಬರೆದದ್ದು 11:12. ಔಷಧಿಗೆ ಎಂಟು ನಿಮಿಷ ಮೊದಲು. ಕ್ರಮ ಸರಿಯಿದೆ. ಲೇಬಲ್ ಮೇಲೆ ಗಂಟೆ ಇಲ್ಲದಿದ್ದರೆ ಆ ಮನೆ ಖಾಲಿ ಬಿಡಬೇಕು, ಊಹೆ ಮಾಡಿ ತುಂಬಬಾರದು. ಹಾಗಂತ ಕಲ್ಚರಿಗಾಗಿ ಔಷಧಿಯನ್ನು ಕಾಯಿಸಲೂಬಾರದು. ರಕ್ತನಾಳ ಸಿಗದೆ ಮುಕ್ಕಾಲು ಗಂಟೆ ಆಗುವ ಹಾಗಿದ್ದರೆ ಔಷಧಿ ಮೊದಲು.

ಫ್ಲೂಯಿಡ್‌ನಲ್ಲಿ ತಕರಾರು ಬೇರೆ ಥರ. ಕೆ.ಜಿ.ಗೆ 30 ಮಿ.ಲೀ. ಲೆಕ್ಕದಲ್ಲಿ ಇವರಿಗೆ 1800 ಮಿ.ಲೀ., ಮೊದಲ ಮೂರು ಗಂಟೆಯಲ್ಲಿ. ಚಾರ್ಟ್‌ನಲ್ಲಿ “ಮೂರು ಪಿಂಟ್” ಅಂತಿದೆ. ನಮ್ಮಲ್ಲಿ ಪಿಂಟ್ ಅಂದರೆ 500ರ ಬಾಟಲಿ, ಹಾಗಾಗಿ 1500 ಅಂತ ಬರೆದುಕೊಳ್ಳುತ್ತೀರಿ. ಆದರೆ 13:10ಕ್ಕೆ ಐಸಿಯುಗೆ ಕಳಿಸುವಾಗ ಮೂರನೇ ಬಾಟಲಿ ಅರ್ಧ ಉಳಿದಿತ್ತು. ಒಳಗೆ ಹೋದದ್ದು 1250. ಸ್ಟ್ಯಾಂಡಿಗೆ ನೇತುಹಾಕಿದ್ದಲ್ಲ, ಒಳಗೆ ಹೋದದ್ದನ್ನು ಬರೆಯಿರಿ. ಪಕ್ಕದಲ್ಲೇ ಕಾರಣಕ್ಕೂ ಒಂದು ಸಾಲು ಇರಲಿ. ಇಲ್ಲಿ ಶ್ವಾಸಕೋಶದಲ್ಲಿ ನೀರಿನ ಸದ್ದು ಕೇಳಿಸಿ ಡಾಕ್ಟರು ಬೇಕಂತಲೇ ಡ್ರಿಪ್ ನಿಧಾನ ಮಾಡಿದ್ದರು. ಆ ಸಾಲಿಲ್ಲದಿದ್ದರೆ ಒಳ್ಳೆಯ ನಿರ್ಧಾರವೂ ತಪ್ಪಿನ ಹಾಗೆ ಕಾಣುತ್ತೆ.

ಕೊನೆಗೆ ಲ್ಯಾಕ್ಟೇಟ್. ಎಬಿಜಿ ಮೆಷಿನ್ನಿನ ಚೀಟಿಯಲ್ಲಿ 10:44, ಮಟ್ಟ 4.6. ಆದರೆ ಆ ಮೆಷಿನ್ನಿನ ಗಡಿಯಾರ ಗೋಡೆ ಗಡಿಯಾರಕ್ಕಿಂತ ಆರು ನಿಮಿಷ ಮುಂದಿತ್ತು. ಹಾಗಾಗಿ 10:38. ಮೊದಲ ಮಟ್ಟ 2ಕ್ಕಿಂತ ಜಾಸ್ತಿ ಬಂದರೆ ಎರಡರಿಂದ ನಾಲ್ಕು ಗಂಟೆಯೊಳಗೆ ಮತ್ತೊಮ್ಮೆ ನೋಡಬೇಕು, ಅಂದರೆ 12:38ರಿಂದ 14:38ರ ನಡುವೆ. ಆ ಮನೆ ಖಾಲಿ ಇತ್ತು. ರೋಗಿ ಐಸಿಯುಗೆ ಹೋಗಿದ್ದು ಸರಿಯಾಗಿ ಅದೇ ಹೊತ್ತಿಗೆ. ಐಸಿಯುನವರು ಎಮರ್ಜೆನ್ಸಿಯಲ್ಲಿ ಮಾಡಿದ್ದಾರೆ ಅಂದುಕೊಂಡರು, ನಾವು ಅವರು ಮಾಡುತ್ತಾರೆ ಅಂದುಕೊಂಡೆವು. 15:20ಕ್ಕೆ ಯಾರೋ ನೆನಪಿಸಿ ತೆಗೆದಾಗ 2.8 ಬಂತು. ಈಗ ಮೊದಲ ಮಟ್ಟ ಬರೆಯುವಾಗಲೇ ಎರಡನೆಯದಕ್ಕೆ ಯಾವ ಗಂಟೆ ಅಂತ ಕೆಂಪು ಪೆನ್ನಲ್ಲಿ ಬರೆಯುತ್ತೇವೆ. ರೋಗಿಯನ್ನು ಕಳಿಸುವಾಗ ಆ ಹಾಳೆಯೂ ಟ್ರಾಲಿ ಜೊತೆಗೇ ಹೋಗುತ್ತೆ.