ಚಿನ್ನದ ಸಾಲದ ಸ್ಟೇಟ್‌ಮೆಂಟಿನಲ್ಲಿ ಮೂರು ಲೆಕ್ಕ

ಕೇಳುಗರಿಗೆ ನಮಸ್ಕಾರ.

ಮಲ್ಲೇಶ್ವರದಲ್ಲಿ ಹೂವಿನ ವ್ಯಾಪಾರ ಮಾಡುವ ಒಬ್ಬ ಅಮ್ಮ ಬಳೆ, ಸರ ಅಡ ಇಟ್ಟು 2 ಲಕ್ಷ ಸಾಲ ತೆಗೆದರು ಅಂದುಕೊಳ್ಳಿ. ತೆಗೆದದ್ದು ಜೂನ್ 1ಕ್ಕೆ, ಬಡ್ಡಿ ವರ್ಷಕ್ಕೆ ಶೇಕಡಾ 12. ಹರಳು, ಅರಗು ಕಳೆದು ಚಿನ್ನದ ನಿವ್ವಳ ತೂಕ 30 ಗ್ರಾಂ. ಆಗಸ್ಟ್ 1ಕ್ಕೆ 20 ಸಾವಿರ ಕಟ್ಟಿದರು, ರಸೀದಿಯೂ ಕೈಲಿದೆ.

ಈಗ ಮೊದಲ ಲೆಕ್ಕ ಹಾಕೋಣ. ಜೂನ್ 1ರಿಂದ ಆಗಸ್ಟ್ 1ಕ್ಕೆ 61 ದಿನ. 2 ಲಕ್ಷವನ್ನು 12ರಿಂದ ಗುಣಿಸಿ, 100ರಿಂದ ಭಾಗಿಸಿದರೆ ವರ್ಷದ ಬಡ್ಡಿ 24 ಸಾವಿರ. ಅದನ್ನು 365ರಿಂದ ಭಾಗಿಸಿ 61ರಿಂದ ಗುಣಿಸಿದರೆ 4,011 ರೂಪಾಯಿ. ಬೇರೆ ಶುಲ್ಕ ಬಾಕಿ ಇಲ್ಲದಿದ್ದರೆ, ಕಟ್ಟಿದ ಹಣದಲ್ಲಿ ಸಾಮಾನ್ಯವಾಗಿ ಮೊದಲು ಈ ಬಡ್ಡಿ ತೀರುತ್ತದೆ. ಉಳಿದ 15,989 ಅಸಲಿಗೆ ಹೋಗುತ್ತದೆ. ಹೊಸ ಅಸಲು 1,84,011.

ಎರಡನೆಯದು, ಸ್ಟೇಟ್‌ಮೆಂಟಿನಲ್ಲಿ ಇದರ ಮುಂದಿನ ಬಡ್ಡಿಯ ಸಾಲು, ಅದನ್ನು ಚೆನ್ನಾಗಿ ನೋಡಬೇಕು. ಆಗಸ್ಟ್‌ನ 31 ದಿನಕ್ಕೆ ಬಡ್ಡಿ 1,875 ಇರಬೇಕು. ಅಲ್ಲಿ 2,038 ಅಂತಿದ್ದರೆ ಹಳೆಯ 2 ಲಕ್ಷದ ಮೇಲೇ ಬಡ್ಡಿ ಓಡುತ್ತಿದೆ ಅಂತ ಅರ್ಥ. 163 ರೂಪಾಯಿ ತಾನೇ ಅಂತ ಸುಮ್ನೆ ಬಿಡಬೇಡಿ. ನಿಮ್ಮ 20 ಸಾವಿರ ಜಮೆ ಆದಂತೆ ಕಂಡರೂ ಸಾಲಕ್ಕೆ ಹೊಂದಿಲ್ಲ, ಮುಂಗಡ ಅಂತಲೋ, ಯಾವ ಲೆಕ್ಕಕ್ಕೂ ಸೇರಿಸದ ಹಣವನ್ನು ಸದ್ಯಕ್ಕೆ ಇಡುವ ಸಸ್ಪೆನ್ಸ್ ಖಾತೆಯಲ್ಲೋ ಕೂತಿದೆ ಅನ್ನೋದಕ್ಕೆ ಅದೇ ಮೊದಲ ಸುಳಿವು.

ಮೂರನೆಯದು ಎಲ್‌ಟಿವಿ, ಅಂದರೆ ಚಿನ್ನದ ಬೆಲೆಗೆ ಸಾಲ ಶೇಕಡಾ ಎಷ್ಟು ಅನ್ನೋದು. ರಿಸರ್ವ್ ಬ್ಯಾಂಕಿನ 2025ರ ನಿಯಮದ ಪ್ರಕಾರ, ಮನೆ ಖರ್ಚಿನಂಥ ಸ್ವಂತ ಬಳಕೆಗೆ ಪಡೆದ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಮಿತಿ ಶೇಕಡಾ 85. ಸಾಲ ತೀರುವವರೆಗೂ ಅದು ಮೀರಬಾರದು. ಚಿನ್ನದ ದರ ಇಳಿದು, ಗ್ರಾಂಗೆ 8 ಸಾವಿರಕ್ಕೆ ಲೆಕ್ಕ ಹಿಡಿದರು ಅಂತಿಟ್ಟುಕೊಳ್ಳಿ. ಒಡವೆಯ ಬೆಲೆ 2,40,000. ಸೆಪ್ಟೆಂಬರ್ 1ಕ್ಕೆ ಆ ಅಮ್ಮ ನಿಜವಾಗಿ ಕೊಡಬೇಕಾದದ್ದು ಬಡ್ಡಿ ಸೇರಿ 1,85,886, ಅಂದರೆ ಶೇಕಡಾ 77.5. ಆರಾಮಾಗಿ ಒಳಗಿದೆ. ಆ 20 ಸಾವಿರ ಸಾಲಕ್ಕೆ ಹೊಂದದೇ ಇದ್ದರೆ ಬಾಕಿ 2,06,049 ಆಗುತ್ತದೆ, ಶೇಕಡಾ 85.9. ಮಿತಿ ದಾಟಿತು! ಹಣ ಕಟ್ಟಿದವರಿಗೇ ಇನ್ನಷ್ಟು ಕಟ್ಟಿ ಅಂತ ಫೋನ್ ಬರುತ್ತದೆ. ಇದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ, ಯಾಕಂದರೆ ಆ ಫೋನಿಗೆ ಹೆದರಿ ಮತ್ತೆಲ್ಲೋ ಕೈಸಾಲ ಮಾಡುವವರಿದ್ದಾರೆ.

ಹೀಗಾದರೆ ಶಾಖೆಯಲ್ಲಿ ಬಾಯಿಮಾತಿಗೆ ನಿಲ್ಲಬೇಡಿ. ರಸೀದಿಯ ನಕಲು ಸೇರಿಸಿ, 20 ಸಾವಿರವನ್ನು ಆಗಸ್ಟ್ 1ರ ತಾರೀಖಿನಿಂದಲೇ ಹೊಂದಿಸಿ, ಆಮೇಲಿನ ಬಡ್ಡಿ ಮತ್ತು ಎಲ್‌ಟಿವಿ ಎರಡನ್ನೂ ಹೊಸದಾಗಿ ಲೆಕ್ಕ ಹಾಕಿ ಕೊಡಿ ಅಂತ ಬರೆದುಕೊಡಿ. ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆಗ ಆ ಸೀಲಿನ ಪ್ರತಿಯನ್ನೂ ಜೊತೆಗೆ ಕಳಿಸಿ.