ಮೊಬೈಲ್ ಟವರಿನ ತಂತ್ರಜ್ಞ: ಕಲಿಕೆ, ಪ್ರಮಾಣಪತ್ರ ಮತ್ತು ಎತ್ತರದ ಸುರಕ್ಷತೆ

ಕೇಳುಗರೆಲ್ಲರಿಗೂ ನಮಸ್ಕಾರ. ದೂರಸಂಪರ್ಕ ಕ್ಷೇತ್ರದಲ್ಲಿ ಹೊರಾಂಗಣದ ಕೆಲಸ ಮಾಡುವ ತಂತ್ರಜ್ಞರು ಹಲವು ಬಗೆಯವರಿದ್ದಾರೆ. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಜೋಡಿಸುವವರು, ರಸ್ತೆಬದಿಯ ಗುಂಡಿಯಲ್ಲಿ ಕುಳಿತು ಫೈಬರ್ ಕೇಬಲ್ ಬೆಸೆಯುವವರು, ಮೊಬೈಲ್ ಟವರು ನೋಡಿಕೊಳ್ಳುವವರು. ಈ ಹೊತ್ತು ನಾನು ಮಾತನಾಡಲಿರುವುದು ಮೂರನೆಯ ಗುಂಪಿನವರ ಬಗ್ಗೆ, ಅಂದರೆ ಟವರ್ ತಂತ್ರಜ್ಞರ ವೃತ್ತಿಯ ಬಗ್ಗೆ.

ಈ ಕೆಲಸಕ್ಕೆ ಸೇರಬಯಸುವ ಹುಡುಗರು ಮೊದಲು ಕೇಳುವುದು ಎತ್ತರದ ಮಾತನ್ನೇ. ಆದರೆ ಕೆಲಸ ಆರಂಭವಾಗುವುದು ಟವರಿನ ಬುಡದಲ್ಲಿ, ಬೇಲಿಯೊಳಗಿರುವ ವಿದ್ಯುತ್ ಉಪಕರಣಗಳ ನಡುವೆ. ಹೊರಗಿನಿಂದ ಬರುವ ವಿದ್ಯುತ್ತನ್ನು ರೆಕ್ಟಿಫೈಯರ್ ಎಂಬ ಸಾಧನವು 48 ವೋಲ್ಟ್‌ನ ನೇರ ವಿದ್ಯುತ್ತಾಗಿ ಬದಲಿಸುತ್ತದೆ. ಕರೆಂಟು ಹೋದಾಗ ಬ್ಯಾಟರಿಗಳು ಹೊರೆಯನ್ನು ಹೊರುತ್ತವೆ. ಬ್ಯಾಟರಿಯೂ ಇಳಿದಾಗ ಡೀಸೆಲ್ ಜನರೇಟರ್ ಚಾಲೂ ಆಗಬೇಕು. ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿ ಸಾಲಿನಲ್ಲಿ ತಲಾ 2 ವೋಲ್ಟ್‌ನ 24 ಸೆಲ್‌ಗಳು ಒಂದರ ಹಿಂದೆ ಒಂದು ಜೋಡಿಸಲ್ಪಟ್ಟಿರುತ್ತವೆ. ಅವುಗಳಲ್ಲಿ ಒಂದೇ ಒಂದು ಸೆಲ್ ಸೊರಗಿದರೂ ಇಡೀ ಸಾಲು ಬೇಗ ಕೈಕೊಡುತ್ತದೆ. ಚಾರ್ಜ್ ಆಗುತ್ತಿರುವಾಗ ಅಳೆದರೆ ಆ ಸೆಲ್ಲು ಸರಿಯಿದ್ದಂತೆಯೇ ಕಾಣಬಹುದು. ಹೊರೆ ಕೊಟ್ಟು ಪ್ರತಿಯೊಂದು ಸೆಲ್ಲನ್ನೂ ಮಲ್ಟಿಮೀಟರ್‌ನಿಂದ ಅಳೆದಾಗ ಮಾತ್ರ, ಉಳಿದವು 2 ವೋಲ್ಟ್‌ನ ಆಸುಪಾಸಿನಲ್ಲಿ ನಿಂತಿರುವಾಗ ಅದೊಂದು ಸರ್ರನೆ ಕೆಳಗಿಳಿಯುವುದು ತಿಳಿಯುತ್ತದೆ. ಮೊದಲ ವರ್ಷದಲ್ಲಿ ಕಲಿಯಬೇಕಾದ ಕೌಶಲ ಇಂಥದ್ದು. 48 ವೋಲ್ಟ್ ಎಂದರೆ ಅಪಾಯವಿಲ್ಲವೆಂದು ಅನೇಕರು ತಿಳಿಯುತ್ತಾರೆ. ಶಾಕ್ ಹೊಡೆಯುವ ಸಂಭವ ಕಡಿಮೆ ಎಂಬುದು ನಿಜ. ಆದರೆ ಸ್ಪ್ಯಾನರ್ ಜಾರಿ ಎರಡು ಧ್ರುವಗಳನ್ನು ಮುಟ್ಟಿಸಿದರೆ ಹರಿಯುವ ವಿದ್ಯುತ್ತು ಲೋಹವನ್ನೇ ಕರಗಿಸುವಷ್ಟಿರುತ್ತದೆ. ಉಂಗುರ ಮತ್ತು ಕೈಗಡಿಯಾರವನ್ನು ತೆಗೆದಿಟ್ಟು, ನಿರೋಧಕ ಹಿಡಿಯುಳ್ಳ ಉಪಕರಣವನ್ನೇ ಬಳಸಬೇಕೆಂಬ ನಿಯಮ ಇರುವುದು ಅದಕ್ಕಾಗಿ.

ಇದಕ್ಕೆ ಬೇಕಾದ ಓದು ದೊಡ್ಡದಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅಥವಾ ಎಲೆಕ್ಟ್ರಿಷಿಯನ್ ವೃತ್ತಿಯನ್ನು ಎರಡು ವರ್ಷ ಕಲಿತವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆ. ಅನಂತರ ಒಂದು ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ತರಬೇತಿ ಪಡೆದರೆ ಇನ್ನೊಂದು ಪ್ರಮಾಣಪತ್ರ ಸೇರುತ್ತದೆ. ದೂರಸಂಪರ್ಕ ವಲಯ ಕೌಶಲ ಮಂಡಳಿಯು ಟವರ್ ತಂತ್ರಜ್ಞ, ಆಪ್ಟಿಕಲ್ ಫೈಬರ್ ತಂತ್ರಜ್ಞ, ಬ್ರಾಡ್‌ಬ್ಯಾಂಡ್ ತಂತ್ರಜ್ಞ ಮುಂತಾದ ಹುದ್ದೆಗಳಿಗೆ ಪ್ರತ್ಯೇಕ ಪಠ್ಯಕ್ರಮವನ್ನು ರೂಪಿಸಿದೆ. ಕೆಲಸ ಮಾಡುತ್ತಲೇ ಕಲಿತವರ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಆದರೆ ಇವುಗಳಲ್ಲಿ ಯಾವುದೂ ಟವರು ಏರಲು ಪರವಾನಗಿಯಲ್ಲ. ಏರುವವನಿಗೆ ಎತ್ತರದಲ್ಲಿ ಕೆಲಸ ಮಾಡುವ ತರಬೇತಿಯ ಪ್ರಮಾಣಪತ್ರ ಬೇರೆಯಾಗಿಯೇ ಬೇಕು. ಅದಕ್ಕೆ ಅವಧಿಯಿದ್ದು, ಮುಗಿದಾಗ ನವೀಕರಿಸಿಕೊಳ್ಳಬೇಕು. ಜೊತೆಗೆ ವೈದ್ಯಕೀಯ ಅರ್ಹತೆಯೂ ಬೇಕು. ಮೂರ್ಛೆರೋಗ, ತಲೆಸುತ್ತು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಇದನ್ನು ಮುಚ್ಚಿಟ್ಟು ಏರುವುದು ಕೂಡದು. ನೆಲದ ಮೇಲೆ ಅಂಥವರಿಗೂ ಸಾಕಷ್ಟು ಕೆಲಸವಿದೆ.

ಈಗ ಒಂದು ದೋಷದ ಪ್ರಕರಣವನ್ನು ಎತ್ತಿಕೊಳ್ಳೋಣ. ಮಲೆನಾಡಿನ ಗುಡ್ಡದ ಮೇಲೆ 40 ಮೀಟರಿನ ಟವರು ಇದೆಯೆಂದುಕೊಳ್ಳಿ. ಮಳೆ ಹಿಡಿದ ಮೂರನೆಯ ದಿನ, ಒಂದು ದಿಕ್ಕಿನ ಆಂಟೆನಾಗೆ ಹೋದ ಶಕ್ತಿಯಲ್ಲಿ ಒಂದಿಷ್ಟು ಹಿಂದಕ್ಕೆ ಬರುತ್ತಿದೆ ಎಂಬ ಎಚ್ಚರಿಕೆ ನಿಯಂತ್ರಣ ಕೇಂದ್ರಕ್ಕೆ ತಲುಪುತ್ತದೆ. ತಂತ್ರಜ್ಞರು ಇದನ್ನು ವಿಎಸ್‌ಡಬ್ಲ್ಯುಆರ್ ಅಲಾರ್ಮ್ ಎನ್ನುತ್ತಾರೆ. ವಿಎಸ್‌ಡಬ್ಲ್ಯುಆರ್ ಎಂಬುದು ಶಕ್ತಿ ಎಷ್ಟು ಹಿಂದಕ್ಕೆ ಬರುತ್ತಿದೆ ಎಂದು ಸೂಚಿಸುವ ಅನುಪಾತ. ಅದು 1.5 ಇದ್ದರೆ ಮರಳುವ ಶಕ್ತಿ ಶೇಕಡಾ 4 ಮಾತ್ರ. 3 ಆದರೆ ಶೇಕಡಾ 25. ಹೊಸಬ ಕೂಡಲೇ ಬೆಲ್ಟು ಹಾಕಿಕೊಂಡು ಏರಲು ಹೊರಡುತ್ತಾನೆ. ಪಳಗಿದವನು ಮೊದಲು ದಾಖಲೆ ನೋಡುತ್ತಾನೆ. ಬಿಸಿಲು ಬಿದ್ದಾಗ ಅಲಾರ್ಮ್ ತಾನಾಗಿ ಅಳಿಸಿಹೋಗಿ ಮಳೆ ಬಂದಾಗ ಮತ್ತೆ ಬರುತ್ತಿದ್ದರೆ, ಆಂಟೆನಾಗೆ ಸಂಕೇತ ಕಳಿಸುವ ರೇಡಿಯೋ ಘಟಕ ಕೆಟ್ಟಿರುವುದಕ್ಕಿಂತ ಕೇಬಲ್ಲಿನ ಕನೆಕ್ಟರ್‌ಗೆ ನೀರು ಇಳಿದಿರುವ ಸಾಧ್ಯತೆಯೇ ಹೆಚ್ಚು. ಹೀಗಾಗಿ ಸುಮಾರು 20 ಕಿಲೋ ತೂಗುವ ಘಟಕವನ್ನು ಮೇಲಕ್ಕೆಳೆಯುವ ಏರ್ಪಾಡಿನ ಬದಲು, ಘಟಕವನ್ನು ಆಂಟೆನಾಗೆ ಜೋಡಿಸುವ ಚಿಕ್ಕದೊಂದು ಜಂಪರ್ ಕೇಬಲ್ಲು, ಹೊಸ ಕನೆಕ್ಟರು ಮತ್ತು ಟೇಪು ಹೊತ್ತರೆ ಸಾಕಾಗುತ್ತದೆ. ಮೇಲೆ ಹೋದ ಮೇಲೂ ಊಹೆಯನ್ನೇ ನಂಬಬಾರದು. ಘಟಕದ ಎರಡು ಪೋರ್ಟುಗಳ ಜಂಪರ್‌ಗಳನ್ನು ಅದಲುಬದಲು ಮಾಡಿ ನೋಡಿದಾಗ, ಅಲಾರ್ಮು ಕೇಬಲ್ಲಿನ ಜೊತೆ ಇನ್ನೊಂದು ಪೋರ್ಟಿಗೆ ಹೋದರೆ ದೋಷ ಕೇಬಲ್ಲಿನಲ್ಲೋ ಆಂಟೆನಾದಲ್ಲೋ ಇದೆ. ಹಳೆಯ ಪೋರ್ಟಿನಲ್ಲೇ ಉಳಿದರೆ ಘಟಕದಲ್ಲಿದೆ. ಕನೆಕ್ಟರನ್ನು ಬಿಗಿ ಮಾಡಲು ತಯಾರಕರು ಹೇಳಿದಷ್ಟೇ ಬಲ ಕೊಡುವ ಟಾರ್ಕ್ ಸ್ಪ್ಯಾನರ್ ಬಳಸಬೇಕು. ಕೊನೆಯ ಪದರದ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹಾಗೆ ಸುತ್ತಿದಾಗ ಮೇಲಿನ ಸುತ್ತು ಕೆಳಗಿನದನ್ನು ಹೆಂಚಿನಂತೆ ಮುಚ್ಚುವುದರಿಂದ ನೀರು ಸಂದಿಗೆ ಇಳಿಯದೆ ಹೊರಗೇ ಜಾರುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದವನು ಮುಂದಿನ ಮಳೆಗೆ ಅದೇ ಟವರನ್ನು ಮತ್ತೆ ಏರಬೇಕಾದೀತು.

ಇನ್ನು ಏರುವ ವಿಚಾರ. ಇಡೀ ದೇಹವನ್ನು ಹಿಡಿಯುವ ಹಾರ್ನೆಸ್, ಎರಡು ಕವಲಿನ ಲ್ಯಾನ್‌ಯಾರ್ಡ್ ಅಂದರೆ ಕೊಕ್ಕೆಯಿರುವ ಹಗ್ಗ, ಗಲ್ಲದ ಪಟ್ಟಿಯ ಹೆಲ್ಮೆಟ್, ಇವು ಬಿಡಲಾಗದ ಸಾಮಗ್ರಿ. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟನ್ನು ಬೀಳುವುದರಿಂದ ರಕ್ಷಣೆಗೆಂದು ಬಳಸುವಂತಿಲ್ಲ. ಬಿದ್ದಾಗ ಅದು ಹೊಟ್ಟೆ ಮತ್ತು ಬೆನ್ನುಮೂಳೆಗೇ ಪೆಟ್ಟು ಕೊಡುತ್ತದೆ. ಹಗ್ಗಕ್ಕೆ ಎರಡು ಕವಲು ಏಕೆಂದರೆ, ಒಂದು ಕೊಕ್ಕೆಯನ್ನು ಬಿಚ್ಚಿ ಮುಂದಕ್ಕೆ ಹಾಕುವಾಗ ಇನ್ನೊಂದು ಕಬ್ಬಿಣವನ್ನು ಹಿಡಿದಿರಬೇಕು. ನೆಲ ಬಿಟ್ಟಾಗಿನಿಂದ ಮರಳಿ ನೆಲ ಮುಟ್ಟುವವರೆಗೆ ಯಾವ ಕ್ಷಣದಲ್ಲೂ ಕಟ್ಟಿಲ್ಲದೆ ಇರಬಾರದು. ಕೊಕ್ಕೆಯನ್ನು ಟವರಿನ ಮುಖ್ಯ ಅಂಗಗಳಿಗೆ ಹಾಕಬೇಕೇ ಹೊರತು ಕೇಬಲ್ ಟ್ರೇಗೋ ಆಂಟೆನಾದ ಕೊಳವೆಗೋ ಅಲ್ಲ.

ಬಹುತೇಕರು ಕಡೆಗಣಿಸುವ ಒಂದು ಲೆಕ್ಕವಿದೆ. 2 ಮೀಟರಿನ ಲ್ಯಾನ್‌ಯಾರ್ಡ್‌ಗೆ ಆಘಾತ ತಗ್ಗಿಸುವ ಮಡಿಕೆ ಇರುತ್ತದೆ. ಬಿದ್ದಾಗ ಅದು ಹರಿದು ಹಿಗ್ಗುವುದರಿಂದ ದೇಹಕ್ಕೆ ಬೀಳುವ ಬಲ ಮಿತಿಯಲ್ಲಿರುತ್ತದೆ. ಈ ಹಿಗ್ಗುವಿಕೆ ಸುಮಾರು 1.75 ಮೀಟರಿನವರೆಗೆ ಹೋಗಬಹುದು. ಹಾರ್ನೆಸ್ಸಿನಲ್ಲಿ ಹಗ್ಗ ಸಿಕ್ಕಿಸುವ ಬೆನ್ನಿನ ಉಂಗುರದಿಂದ ಪಾದದವರೆಗೆ ಒಂದೂವರೆ ಮೀಟರ್, ಮೇಲೆ ಒಂದು ಮೀಟರ್ ಎಚ್ಚರಿಕೆಯ ಅಂತರ. ಎಲ್ಲ ಕೂಡಿಸಿದರೆ ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ 6.25 ಮೀಟರ್ ಖಾಲಿ ಇರಬೇಕು. ಅಂದರೆ ಐದು ಮೀಟರ್ ಎತ್ತರದಲ್ಲಿ ಕೊಕ್ಕೆ ಹಾಕಿಕೊಂಡವನು, ಎಲ್ಲ ನಿಯಮ ಪಾಲಿಸಿದ್ದೇನೆಂಬ ನಂಬಿಕೆಯಲ್ಲೇ ಬಿದ್ದು, ಹಗ್ಗ ಪೂರ್ತಿ ಹಿಡಿಯುವ ಮೊದಲು ನೆಲಕ್ಕೆ ಬಡಿಯಬಹುದು. ಆದ್ದರಿಂದ ಏಣಿಯ ಉದ್ದಕ್ಕೂ ಹಗ್ಗವನ್ನೋ ಹಳಿಯನ್ನೋ ಅಳವಡಿಸಿ, ಬಿದ್ದ ಕೂಡಲೇ ಕಚ್ಚಿ ಹಿಡಿಯುವ ಫಾಲ್ ಅರೆಸ್ಟರ್ ಬಳಸುವುದು ವಿಹಿತ. ಅದಿಲ್ಲದ ಕಡೆ ಕೊಕ್ಕೆಯನ್ನು ಆದಷ್ಟೂ ತಲೆಯ ಮೇಲೆ ಹಾಕಬೇಕು. ಅದೇ ಕೊಕ್ಕೆ ಪಾದದ ಬಳಿ ಇದ್ದರೆ ಹಗ್ಗ ಬಿಗಿಯುವ ಮುನ್ನವೇ ಮನುಷ್ಯ ಮೂರೂವರೆ ಮೀಟರ್ ಬಿದ್ದಿರುತ್ತಾನೆ, ಮತ್ತು ಆ ದಾರಿಯಲ್ಲಿ ಟವರಿನ ಕಬ್ಬಿಣದ ಅಡ್ಡಪಟ್ಟಿಗಳಿರುತ್ತವೆ. ಒಮ್ಮೆ ಬಿದ್ದ ಭಾರ ತಡೆದ ಲ್ಯಾನ್‌ಯಾರ್ಡನ್ನು ಮತ್ತೆ ಉಪಯೋಗಿಸದೆ ಕತ್ತರಿಸಿ ಎಸೆಯಬೇಕು.

ಹಗ್ಗ ಹಿಡಿದ ಮೇಲೂ ಗಂಡಾಂತರ ತೀರುವುದಿಲ್ಲ. ಹಾರ್ನೆಸ್ಸಿನಲ್ಲಿ ಅಲುಗಾಡದೆ ತೂಗಾಡುವವನ ತೊಡೆಯ ಪಟ್ಟಿಗಳು ರಕ್ತನಾಳಗಳನ್ನು ಒತ್ತುವುದರಿಂದ, ಕಾಲಿನಲ್ಲಿ ರಕ್ತ ನಿಂತು ನಿಮಿಷಗಳಲ್ಲೇ ಪ್ರಜ್ಞೆ ತಪ್ಪಬಹುದು. ಗುಡ್ಡದ ತುದಿಗೆ ಅಗ್ನಿಶಾಮಕ ದಳ ಅಷ್ಟರಲ್ಲಿ ಬಂದು ತಲುಪುವುದಿಲ್ಲ. ಒಬ್ಬನೇ ಏರಬಾರದೆಂಬ ನಿಯಮದ ಕಾರಣ ಇದೇ: ಜೊತೆಯವನಿಗೂ ಏರಲು ಬರಬೇಕು, ಇಳಿಸುವ ಹಗ್ಗ ಮತ್ತು ಸಾಧನ ಅಲ್ಲೇ ಇರಬೇಕು, ಅದನ್ನು ಬಳಸಿ ಅಭ್ಯಾಸವಿರಬೇಕು. ಗಾಡಿಯ ಚಾಲಕನನ್ನು ಕೆಳಗೆ ನಿಲ್ಲಿಸಿ ಇಬ್ಬರಿದ್ದೇವೆಂದು ಪುಸ್ತಕದಲ್ಲಿ ಬರೆಯುವ ರೂಢಿ ಕೆಲವು ಕಡೆ ಇದೆ. ಅದನ್ನು ನಾನು ರಕ್ಷಣೆಯ ಲೆಕ್ಕಕ್ಕೆ ಸೇರಿಸಲಾರೆ.

ನಮ್ಮ ಪ್ರಕರಣದ ಟವರಿಗೆ ಮರಳಿದರೆ, ಏರುವ ಮೊದಲು ಇನ್ನೂ ಮೂರು ಸಂಗತಿಗಳನ್ನು ನೋಡಬೇಕು. ಗುಡುಗು ಕೇಳಿಸಿದರೆ ಏರುವಂತಿಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ತುದಿಯ ಮಿಂಚುನಿರೋಧಕ ಕಾಯುವುದು ಉಪಕರಣವನ್ನೇ ಹೊರತು ಮೇಲಿದ್ದವನನ್ನಲ್ಲ. ಎರಡನೆಯದು ವಿಕಿರಣ. ಆಂಟೆನಾದ ಮುಂದೆ ನಿಲ್ಲುವ ಮುನ್ನ ಆ ದಿಕ್ಕಿನ ಪ್ರಸಾರವನ್ನು ನಿಲ್ಲಿಸಲು ನಿಯಂತ್ರಣ ಕೇಂದ್ರವನ್ನು ಕೇಳಬೇಕು. ಆದರೆ ಒಂದೇ ಟವರನ್ನು ಎರಡು ಮೂರು ಕಂಪನಿಗಳು ಹಂಚಿಕೊಂಡಿದ್ದರೆ, ನಮ್ಮದು ನಿಂತರೂ ಪಕ್ಕದವರದು ಪ್ರಸಾರ ಮಾಡುತ್ತಲೇ ಇರುತ್ತದೆ. ಆಗ ಅವರಿಗೂ ತಿಳಿಸಬೇಕು ಮತ್ತು ಮೈಮೇಲೆ ಧರಿಸುವ ವಿಕಿರಣಸೂಚಕವನ್ನು ನಂಬಬೇಕು. ಮೂರನೆಯದನ್ನು ಪರದೇಶದ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ, ಹೆಜ್ಜೇನು. ದುರ್ಬೀನು ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾವನ್ನಾದರೂ ಹಿಗ್ಗಿಸಿ ತುದಿಯವರೆಗೆ ನೋಡಬೇಕು. 30 ಮೀಟರ್ ಎತ್ತರದಲ್ಲಿ ಜೇನು ಎದ್ದರೆ ಓಡಲು ದಾರಿಯಿಲ್ಲ, ಅವಸರದಲ್ಲಿ ಕೊಕ್ಕೆ ಬಿಚ್ಚುವುದೇ ಸಾವಿಗೆ ದಾರಿ.

ವೃತ್ತಿಯ ಮುಂದಿನ ಮೆಟ್ಟಿಲುಗಳು ನೆಲದ ಮೇಲಿವೆ. ಕೆಲವು ವರ್ಷ ಏರಿದವನು ಒಂದು ತಾಲ್ಲೂಕಿನ ಟವರುಗಳ ಮೇಲ್ವಿಚಾರಕನಾಗುತ್ತಾನೆ, ನಿಯಂತ್ರಣ ಕೇಂದ್ರಕ್ಕೆ ಹೋಗುತ್ತಾನೆ, ಅಥವಾ ಎತ್ತರದ ಕೆಲಸ ಕಲಿಸುವ ತರಬೇತುದಾರನಾಗುತ್ತಾನೆ. ಫೈಬರ್ ಬೆಸೆಯುವುದನ್ನೂ ಕಲಿತವನಿಗೆ ಕೆಲಸದ ಬರವಿಲ್ಲ. ಏಕೆಂದರೆ ಹಲವು ಟವರುಗಳಿಗೆ ಈಗ ಸಂಪರ್ಕ ಬರುವುದು ಫೈಬರಿನಲ್ಲೇ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ. ಮೇಲ್ವಿಚಾರಕನ ಹುದ್ದೆಯಲ್ಲಿ ಡಿಪ್ಲೊಮಾ ಕೇಳುವವರು ಹೆಚ್ಚಾದ್ದರಿಂದ ಇದನ್ನು ಬೇಗನೆ ಯೋಚಿಸುವುದು ಒಳ್ಳೆಯದು.

ಕಡೆಯದಾಗಿ, ಸೇರುವ ದಿನ ಕೇಳಬೇಕಾದ ಪ್ರಶ್ನೆಗಳು. ಟವರು ಒಂದು ಕಂಪನಿಯದು, ಉಪಕರಣ ಇನ್ನೊಂದರದು, ನಿರ್ವಹಣೆ ಗುತ್ತಿಗೆದಾರನದು, ಕೆಲಸಕ್ಕೆ ಜನ ಕೊಡುವುದು ಉಪಗುತ್ತಿಗೆದಾರ ಎಂಬ ಸ್ಥಿತಿ ಸಾಮಾನ್ಯ. ಆದ್ದರಿಂದ ಸಂಬಳದ ಚೀಟಿ ಯಾರ ಹೆಸರಿನಲ್ಲಿ ಬರುತ್ತದೆ, ಭವಿಷ್ಯನಿಧಿ ಮತ್ತು ಇಎಸ್‌ಐ ಅಥವಾ ಅಪಘಾತ ವಿಮೆ ಇದೆಯೇ, ಹಾರ್ನೆಸ್ ಕೊಡುವವರು ಯಾರು, ಅದನ್ನು ಪರೀಕ್ಷಿಸಿದ ದಿನಾಂಕ ಎಲ್ಲಿ ಬರೆದಿದೆ, ಮೇಲೆ ಯಾರಾದರೂ ತೂಗಾಡಿದರೆ ಇಳಿಸುವವರು ಯಾರು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಮಸ್ಕಾರ.